ಒಂದೇ ವಿಡಿಯೊದ ಎರಡು ಕಟ್: ಏನು ಹೋಗಿದೆ, ಏನು ಬಂದಿದೆ, ಏನು ಜಾಗ ಬದಲಿಸಿದೆ ಅಂತ ಪಟ್ಟಿ ಮಾಡುವುದು ಹೇಗೆ?

ಸಾಲುಗಿತ್ತಿ

ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ಒಂದು ಸಾಕ್ಷ್ಯಚಿತ್ರಕ್ಕೆ ಸಬ್‌ಟೈಟಲ್ ಮಾಡಿ ಕೊಟ್ಟಿದ್ದೆ, ಆರುನೂರಕ್ಕೂ ಹೆಚ್ಚು ಸಾಲು. ಈಗ ಹೊಸ ಕಟ್ ಕಳಿಸಿ "ಸಣ್ಣಪುಟ್ಟ ಬದಲಾವಣೆ ಅಷ್ಟೇ" ಅಂದಿದ್ದಾರೆ. ಏನು ಬದಲಾಗಿದೆ ಅಂತ ಹೇಳಿಲ್ಲ.

ಎರಡನ್ನೂ ಟೈಮ್‌ಲೈನ್‌ನಲ್ಲಿ ಒಂದರ ಮೇಲೊಂದು ಇಟ್ಟು ಮೇಲಿನದಕ್ಕೆ Difference ಹಾಕಿದೆ. 3:12ರವರೆಗೆ ಪರದೆ ಹೆಚ್ಚುಕಡಿಮೆ ಕಪ್ಪು. ಅಲ್ಲಿಂದ ಕೊನೆಯವರೆಗೂ ಬರೀ ಕಲಸುಮೇಲೋಗರ. ಆಮೇಲೆ ಎರಡಕ್ಕೂ framemd5 ತೆಗೆದು ಹೋಲಿಸಿದೆ. ಒಂದು ಸಾಲೂ ಹೊಂದಲಿಲ್ಲ, ಮೊದಲ ಮೂರು ನಿಮಿಷದ್ದು ಕೂಡ! ಇದಕ್ಕೆ ಸರಿಯಾದ ದಾರಿ ಯಾರಾದರೂ ಹೇಳಿ, ದಯವಿಟ್ಟು.

ಇಪ್ಪತ್ತೈದು_ಫ್ರೇಮ್

ಇದು ಫ್ರೇಮ್ ರೇಟ್ ಸಮಸ್ಯೆ, ನೂರಕ್ಕೆ ನೂರು. ಒಂದು 25, ಇನ್ನೊಂದು 23.976 ಇರುತ್ತದೆ. ಎರಡನ್ನೂ ಒಂದೇ ರೇಟ್‌ಗೆ ತನ್ನಿ, ಎಲ್ಲ ಸರಿ ಹೋಗುತ್ತದೆ. ನನಗೆ ಹತ್ತಾರು ಸಲ ಆಗಿದೆ.

ಮದುವೆ_ರೀಲು

ನನ್ನ ಹತ್ತಿರವೂ ಒಂದೇ ವಿಡಿಯೊ ಎರಡೆರಡು ಸಲ ಇರುತ್ತದೆ. ನಕಲಿ ಫೈಲ್ ಹುಡುಕುವ ಸಾಫ್ಟ್‌ವೇರ್ ಹಾಕಿ ಒಂದನ್ನು ಅಳಿಸಿಬಿಡುತ್ತೇನೆ. ನನ್ನದು ಆರು ಡಿಸ್ಕಿನ ಸೆಟಪ್, ಎರಡು ದೊಡ್ಡ ಮಾನಿಟರ್. ಪಕ್ಕಪಕ್ಕ ಹಾಕಿ ನೋಡಿದರೆ ಎಲ್ಲ ಕಣ್ಣಿಗೇ ಕಾಣುತ್ತದೆ.

ಸಾಲುಗಿತ್ತಿ

ಅಳಿಸುವುದಲ್ಲ ಸರ್, ಎಲ್ಲೆಲ್ಲಿ ಬದಲಾಗಿದೆ ಅಂತ ಗೊತ್ತಾಗಬೇಕು. @ಇಪ್ಪತ್ತೈದು_ಫ್ರೇಮ್, ನೋಡಿದೆ. ಎರಡೂ 25.

ಇಪ್ಪತ್ತೈದು_ಫ್ರೇಮ್

ಪ್ಲೇಯರ್ ತೋರಿಸುವುದನ್ನು ನಂಬಬೇಡಿ. ffprobe ಹಾಕಿ. r_frame_rate, avg_frame_rate ಎರಡೂ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಫ್ರೇಮ್ ರೇಟ್ ನಡುನಡುವೆ ಬದಲಾಗುತ್ತಿರಬಹುದು.

ಕತ್ತರಿಮನೆ

ಮೊದಲು ಎಡಿಟ್ ಮಾಡಿದವರ ಹತ್ತಿರ ಎರಡೂ ಕಟ್‌ನ EDL ಇಲ್ಲವೇ XML ಕೇಳಿ. ಪ್ರಾಜೆಕ್ಟೇ ಸಿಕ್ಕಿದರೆ DaVinci Resolveನಲ್ಲಿ ಎರಡು ಟೈಮ್‌ಲೈನ್ ಹೋಲಿಸಿ ನೋಡುವ ಸೌಲಭ್ಯ ಇದೆ. ಮೂಲ ಸಿಗುವಾಗ ಎಕ್ಸ್‌ಪೋರ್ಟ್ ಆದ ಫೈಲ್ ಹಿಡಿದು ಒದ್ದಾಡುವುದು ಯಾಕೆ?

ಸಾಲುಗಿತ್ತಿ

ಕೇಳಿದೆ. ಎಡಿಟ್ ಮಾಡಿದವರು ಬೇರೆ ಕೆಲಸಕ್ಕೆ ಹೋಗಿದ್ದಾರಂತೆ, ಪ್ರಾಜೆಕ್ಟ್ ಸಿಗುವುದಿಲ್ಲವಂತೆ. ಎರಡು MP4 ಮಾತ್ರ ನನ್ನ ಹತ್ತಿರ. ffprobeನಲ್ಲೂ ಎರಡಕ್ಕೂ 25/1 ಅಂತಲೇ ಇದೆ.

ಹ್ಯಾಶ್_ಹನುಮ

ಫ್ರೇಮ್ ರೇಟ್ ಅಲ್ಲ. 25ಕ್ಕೂ 23.976ಕ್ಕೂ ಇರುವ ವ್ಯತ್ಯಾಸ ಶೇಕಡಾ ನಾಲ್ಕು. ರೇಟ್ ಬೇರೆ ಇದ್ದು ವೇಗವೇ ಬದಲಾಗಿದ್ದರೆ 3:12 ಹೊತ್ತಿಗೆ ಏಳೆಂಟು ಸೆಕೆಂಡ್ ಜಾರಿರುತ್ತಿತ್ತು. ಮೊದಲ ನಿಮಿಷದಲ್ಲೇ Difference ಕೆಟ್ಟಿರುತ್ತಿತ್ತು. ಅಲ್ಲಿಯವರೆಗೆ ಕಪ್ಪು ಇದ್ದು ಒಮ್ಮೆಲೇ ಕೆಟ್ಟಿತು ಅಂದರೆ ಅಲ್ಲೊಂದು ತುಂಡು ಹೋಗಿದೆ, ಇಲ್ಲವೇ ಬಂದಿದೆ. ಒಂದು ಕಡೆ ಜಾರಿದರೆ ಆಮೇಲಿನದೆಲ್ಲ ತಪ್ಪು ಜೋಡಿಯೇ. Difference ಮೊದಲ ಬದಲಾವಣೆಯನ್ನು ಮಾತ್ರ ತೋರಿಸುತ್ತದೆ.

framemd5 ಹೊಂದದಿರುವುದು ಸಹಜ. ಒಂದು ಪಿಕ್ಸೆಲ್‌ನ ಬೆಲೆ ಒಂದಂಕಿ ಬದಲಾದರೂ md5 ಪೂರ್ತಿ ಬೇರೆಯಾಗುತ್ತದೆ. ಎರಡು ಸಲ ಎಕ್ಸ್‌ಪೋರ್ಟ್ ಆದ ಫೈಲ್‌ಗಳಲ್ಲಿ ಒಂದೇ ದೃಶ್ಯ ಇದ್ದರೂ ಪಿಕ್ಸೆಲ್ ಹಾಗೇ ಉಳಿಯುವುದಿಲ್ಲ.

ಎರಡರ ಉದ್ದ ಎಷ್ಟು? ಅಳತೆ ಒಂದೇನಾ? ಚಿತ್ರದ ಮೇಲೆ ಏನಾದರೂ ಬರಹ ಇದೆಯಾ?

ಸಾಲುಗಿತ್ತಿ

ಹಳೆಯದು 42:10, ಹೊಸದು 40:35. ಹಳೆಯದು 1080, ಹೊಸದು 720. ಹೊಸದರ ಕೆಳಗಡೆ ಟೈಮ್‌ಕೋಡ್ ಓಡುತ್ತಿರುತ್ತದೆ. ಸಂಗೀತವನ್ನೂ ಬದಲಿಸಿದ್ದಾರೆ. ಇದೆಲ್ಲ ಮುಖ್ಯ ಅಂತ ಗೊತ್ತಿರಲಿಲ್ಲ.

ಇಪ್ಪತ್ತೈದು_ಫ್ರೇಮ್

ಇದನ್ನು ಮೊದಲೇ ಹೇಳಬೇಕಿತ್ತು ಮೇಡಂ. ಆದರೂ ನನಗೆ ರೇಟ್ ಮೇಲೇ ಅನುಮಾನ. ಎಕ್ಸ್‌ಪೋರ್ಟ್ ಮಾಡುವಾಗ 24ರಿಂದ 25ಕ್ಕೆ ತಂದಿದ್ದರೆ ffprobeನಲ್ಲಿ 25 ಅಂತಲೇ ಬರುತ್ತದೆ.

ಕತ್ತರಿಮನೆ

ಬರುತ್ತದೆ ನಿಜ, ಆದರೆ 3:12ರವರೆಗೆ ಕಪ್ಪಾಗಿತ್ತಲ್ವಾ? ಅದಕ್ಕೆ ನಿಮ್ಮ ಉತ್ತರ ಏನು? ಸುಮ್ನೆ ಅದನ್ನೇ ಹಿಡಿದುಕೊಂಡರೆ ಹೇಗೆ.

ಹ್ಯಾಶ್_ಹನುಮ

ಅದನ್ನು ಬಿಡಿ. ಹೀಗೆ ಮಾಡಿ. ಪ್ರತಿ ಸೆಕೆಂಡಿಗೆ ಐದು ಫ್ರೇಮ್ ತೆಗೆಯಿರಿ. ಟೈಮ್‌ಕೋಡ್ ಅಡ್ಡ ಬರದಂತೆ ಕೆಳಗಿನ ಐದರಲ್ಲೊಂದು ಭಾಗ ಕತ್ತರಿಸಿ. ಎರಡೂ ಫೈಲ್‌ಗೆ ಒಂದೇ ಥರ ಕತ್ತರಿಸಬೇಕು, ಇದು ಮರೆಯಬೇಡಿ. ಉಳಿದದ್ದನ್ನು 9×8 ಚುಕ್ಕಿಯ ಕಪ್ಪುಬಿಳುಪು ಚಿತ್ರವಾಗಿ ಕುಗ್ಗಿಸಿ.

```
ffmpeg -i old.mp4 -an -vf "fps=5,crop=iw:ih*0.8:0:0,scale=9:8:flags=area,format=gray" -f rawvideo old.raw
```

ಇದನ್ನೇ new.mp4ಗೂ ಮಾಡಿ, new.raw ಅಂತ ಹೆಸರಿಡಿ. ಆಮೇಲೆ ಇದನ್ನು ಓಡಿಸಿ:

```python
import numpy as np
def h(f):
    a = np.fromfile(f, np.uint8).reshape(-1, 8, 9)
    return (a[:,:,1:] > a[:,:,:-1]).reshape(-1, 64)
A, B = h("old.raw"), h("new.raw")
for j, b in enumerate(B):
    d = (A != b).sum(1)
    i = d.argmin()
    print(j/5, (i-j)/5 if d[i] <= 10 else "-", d[i])
```

ಪ್ರತಿ ಚುಕ್ಕಿಯೂ ತನ್ನ ಎಡಗಡೆಯದಕ್ಕಿಂತ ಬೆಳಗಿದೆಯಾ ಇಲ್ಲವಾ ಅಂತ ಮಾತ್ರ ಇದು ನೋಡುತ್ತದೆ. ಹೀಗೆ ಒಂದು ಫ್ರೇಮ್‌ಗೆ 64 ಹೌದು-ಇಲ್ಲ ಸಿಗುತ್ತದೆ. 720, 1080, ಬೇರೆ ಎಕ್ಸ್‌ಪೋರ್ಟ್, ಸ್ವಲ್ಪ ಬೆಳಕು ಹೆಚ್ಚುಕಡಿಮೆ, ಯಾವುದೂ ಇದನ್ನು ಜಾಸ್ತಿ ಕೆಡಿಸುವುದಿಲ್ಲ. 64ರಲ್ಲಿ ಹತ್ತರವರೆಗೆ ತಪ್ಪಿದರೂ ಒಂದೇ ಫ್ರೇಮ್ ಅಂತ ಒಪ್ಪಿಕೊಂಡಿದ್ದೇನೆ.

ನೀವು ಓದಬೇಕಾದದ್ದು ನಡುವಿನ ಅಂಕಿ. ಅದು ಹಳೇ ಕಟ್‌ನ ಸಮಯದಲ್ಲಿ ಹೊಸ ಕಟ್‌ನ ಸಮಯ ಕಳೆದರೆ ಬರುವ ಅಂತರ, ಸೆಕೆಂಡಿನಲ್ಲಿ. ಅದು ಒಂದೇ ಸಮ ಇದ್ದಷ್ಟು ಹೊತ್ತೂ ಎರಡೂ ಕಟ್ ಒಂದೇ. ಎಲ್ಲಿ ಹಾರುತ್ತದೋ ಅಲ್ಲಿ ಕತ್ತರಿ ಬಿದ್ದಿದೆ.

ಸಾಲುಗಿತ್ತಿ

ಅಬ್ಬಾ, ಬಂತು! ಸ್ವಲ್ಪ ಹೊತ್ತಿನಲ್ಲೇ ಮುಗಿಯಿತು. ಒಂದೇ ಅಂಕಿ ಇರುವ ಸಾಲುಗಳನ್ನು ಒಟ್ಟು ಮಾಡಿ ಬರೆದಿದ್ದೇನೆ. ಸಮಯ ಹೊಸ ಕಟ್‌ನದು.

```
00:00 – 03:12    0
03:12 – 11:20    38
11:20 – 11:32    -
11:32 – 20:00    26
20:00 – 20:45    430
20:45 – 27:29    -19
27:29 – 33:04    26
33:04 – 40:35    95
```

ಒಂದೊಂದು ಕಡೆ 38ರ ಬದಲು 37.8 ಅಂತಿದೆ. 430, -19 ಏನು ಅಂತ ಅರ್ಥವಾಗಲಿಲ್ಲ. ತಪ್ಪು ಜೋಡಿಯಾ?

ಹ್ಯಾಶ್_ಹನುಮ

ತಪ್ಪಲ್ಲ, ಅದೇ ನಿಮ್ಮ ಸ್ಥಳಾಂತರ. ಮೊದಲಿನಿಂದ ಓದಿ. 3:12ರಲ್ಲಿ ಅಂತರ 0ಯಿಂದ 38ಕ್ಕೆ ಏರಿತು, ಅಂದರೆ ಹಳೆಯದರ 38 ಸೆಕೆಂಡ್ ಹೋಗಿದೆ. 11:20ರಲ್ಲಿ 12 ಸೆಕೆಂಡಿಗೆ ಜೋಡಿಯೇ ಇಲ್ಲ, ಅದಾದ ಮೇಲೆ 38 ಹೋಗಿ 26 ಆಯಿತು. ಹಾಗಾದರೆ ಆ 12 ಸೆಕೆಂಡ್ ಹೊಸದಾಗಿ ಸೇರಿದ್ದು.

ಈಗ 20:00. ಅಲ್ಲಿ 430 ಅಂದರೆ 7 ನಿಮಿಷ 10 ಸೆಕೆಂಡ್. ಹಳೆಯದರ 27:10ರಿಂದ 45 ಸೆಕೆಂಡಿನ ತುಂಡನ್ನು ಎತ್ತಿ ಇಲ್ಲಿ ತಂದಿಟ್ಟಿದ್ದಾರೆ. ಅದು ನಡುವೆ ಕೂತಿದ್ದರಿಂದ ಮುಂದಿನದೆಲ್ಲ 45 ಸೆಕೆಂಡ್ ತಡವಾಯಿತು, ಅದಕ್ಕೇ 26 ಇದ್ದದ್ದು -19. ತುಂಡು ಮೊದಲಿದ್ದ ಜಾಗ ದಾಟಿದ ಮೇಲೆ ಮತ್ತೆ 26ಕ್ಕೆ ಬಂದಿದೆ. ಹೀಗೆ ಹಳೇ ಅಂಕಿಗೇ ವಾಪಸ್ ಬಂತು ಅಂದರೆ ಏನೂ ಕಳೆದಿಲ್ಲ, ಜಾಗ ಮಾತ್ರ ಬದಲಾಗಿದೆ. ಮಾಮೂಲಿ diff ಇದನ್ನು ಒಂದು ಕಡೆ ಸೇರಿಸಿದ್ದು, ಇನ್ನೊಂದು ಕಡೆ ತೆಗೆದದ್ದು ಅಂತ ಎರಡಾಗಿ ತೋರಿಸುತ್ತಿತ್ತು.

33:04ರಲ್ಲಿ 26ರಿಂದ 95, ಇನ್ನೂ 69 ಸೆಕೆಂಡ್ ಹೋಗಿದೆ. ಲೆಕ್ಕ ಹಾಕಿ: ಹೋದದ್ದು 38 ಮತ್ತು 69, ಬಂದದ್ದು 12. ಉಳಿಯುವುದು 95. ನಿಮ್ಮ ಎರಡು ಫೈಲ್‌ಗಳ ಉದ್ದದ ವ್ಯತ್ಯಾಸವೂ 1:35, ಅಂದರೆ 95.

37.8 ಬಗ್ಗೆ ಚಿಂತೆ ಬೇಡ. ನಾವು 0.2 ಸೆಕೆಂಡಿಗೊಂದು ಫ್ರೇಮ್ ತೆಗೆದಿದ್ದೇವೆ, ಅಷ್ಟು ಅತ್ತಿತ್ತ ಆಗುತ್ತದೆ. ಕತ್ತರಿ ಬಿದ್ದ ಜಾಗಕ್ಕೆ ಹೋಗಿ ಫ್ರೇಮ್ ಫ್ರೇಮ್ ಸರಿಸಿ ನಿಖರ ಮಾಡಿಕೊಳ್ಳಿ. ಸಬ್‌ಟೈಟಲ್‌ಗೆ, ಪ್ರತಿ ತುಂಡಿನ ಸಾಲುಗಳಿಂದ ಅದರದೇ ಅಂತರ ಕಳೆದರೆ ಸಾಕು.

ಮದುವೆ_ರೀಲು

ನನ್ನದು ರಾತ್ರಿ ಹಾಡಿನ ವಿಡಿಯೊ, ಅದರಲ್ಲಿ ಇದು ಕೈಕೊಟ್ಟಿತು. ಕತ್ತಲು ಇರುವ ಕಡೆಯಲ್ಲೆಲ್ಲ ಅಂತರ ಹುಚ್ಚುಹುಚ್ಚಾಗಿ ಹಾರುತ್ತಿದೆ.

ಹ್ಯಾಶ್_ಹನುಮ

ಪೂರ್ತಿ ಕಪ್ಪು ಫ್ರೇಮ್‌ನಲ್ಲಿ 64ಕ್ಕೆ 64ಕ್ಕೂ "ಇಲ್ಲ" ಅಂತಲೇ ಬರುತ್ತದೆ. ಹಾಗಾಗಿ ಯಾವ ಕಪ್ಪು ಫ್ರೇಮ್ ಯಾವುದರ ಜೊತೆಗೂ ಹೊಂದುತ್ತದೆ, ಕೋಡ್ ಮೊದಲು ಸಿಕ್ಕಿದ್ದನ್ನು ಹಿಡಿಯುತ್ತದೆ. ಅಲುಗದ ದೃಶ್ಯಕ್ಕೂ ಇದೇ ಪಾಡು. ಒಂದೆರಡು ಸೆಕೆಂಡಿನ ಹಾರಾಟ ಕಂಡರೆ ಹಿಂದಿನ ಅಂತರವೇ ಮುಂದುವರಿದಿದೆ ಅಂತ ಹಿಡಿಯಿರಿ.

ಸಾಲುಗಿತ್ತಿ

ಪಟ್ಟಿಯಂತೆ ಎಲ್ಲ ಸಾಲು ಸರಿಸಿ, ನೋಡಿಕೊಂಡು ಬಂದೆ. ಎರಡು ಕಡೆ ಎಡವಟ್ಟು. 15:40ರಲ್ಲಿ ನಾಲ್ಕು ಸೆಕೆಂಡ್ "-" ಇತ್ತು. ಹಿಂದೆಮುಂದೆ ಎರಡೂ ಕಡೆ 26 ಅಂತ ನಾನು ಬಿಟ್ಟಿದ್ದೆ. ಈಗ ನೋಡಿದರೆ ಅದೇ ಶಾಟ್, ಜೂಮ್ ಮಾಡಿದ್ದಾರೆ. ಸಬ್‌ಟೈಟಲ್‌ಗೆ ತೊಂದರೆ ಇಲ್ಲ.

ಇನ್ನೊಂದು 36:50. ಕುರ್ಚಿಯಲ್ಲಿ ಕೂತು ಮಾತಾಡುವ ಸಂದರ್ಶನ. ಅಂತರ 95 ಅಂತಲೇ ಇದೆ, ಆದರೆ ಸಾಲುಗಳು ಮಾತಿಗಿಂತ ಮುಕ್ಕಾಲು ಸೆಕೆಂಡ್ ಹಿಂದೆ ಬೀಳುತ್ತಿವೆ. ಹತ್ತು ಸಾಲು ಆದ ಮೇಲೆ ತಾನಾಗಿಯೇ ಸರಿಹೋಗುತ್ತದೆ!

ಕತ್ತರಿಮನೆ

ಇದು ನಮ್ಮ ಕೈಚಳಕ. ಮಾತಿನ ನಡುವಿನ ತಡವರಿಕೆ ಕತ್ತರಿಸಿ, ಮುಂದೆ ಬರುವ ಬೆಟ್ಟದ್ದೋ ಹೊಲದ್ದೋ ಶಾಟ್ ಅಷ್ಟೇ ಉದ್ದ ಎಳೆಯುತ್ತೇವೆ, ಸಂಗೀತ ತಪ್ಪದಿರಲಿ ಅಂತ. ಒಟ್ಟು ಉದ್ದ ಬದಲಾಗುವುದಿಲ್ಲ.

ಹ್ಯಾಶ್_ಹನುಮ

ಹೌದು, ಹಾಗಾದರೆ ನಾನು ಹೇಳಿದ 95ರ ಲೆಕ್ಕ ಇಂಥದ್ದನ್ನು ಹಿಡಿಯುವುದಿಲ್ಲ. ಒಂದು ಕಡೆ ಹೋದದ್ದು ಇನ್ನೊಂದು ಕಡೆ ತುಂಬಿಕೊಂಡಿದೆ. ಸ್ಟ್ಯಾಂಡ್ ಮೇಲಿಟ್ಟ ಕ್ಯಾಮೆರಾ, ಅದೇ ಮುಖ, ಅದೇ ಗೋಡೆ. 9×8 ಚುಕ್ಕಿಯಲ್ಲಿ ತುಟಿ ಅಲುಗಿದ್ದು ಕಾಣುವುದೇ ಇಲ್ಲ. ಸಂದರ್ಶನಕ್ಕೆ ಚಿತ್ರ ಸಾಲದು, ಧ್ವನಿಯನ್ನೇ ಹೋಲಿಸಬೇಕು.

ಇಪ್ಪತ್ತೈದು_ಫ್ರೇಮ್

ಸಂಗೀತ ಬದಲಾಗಿದೆ ಅಂದಿದ್ದಾರಲ್ಲ, ಧ್ವನಿ ಹೇಗೆ ಹೊಂದುತ್ತದೆ? ನಿಧಾನವಾಗಿ ಜಾರಿ ಮತ್ತೆ ಸರಿಹೋಗುವುದು ಅಂದರೆ ನಾನು ಹೇಳಿದ್ದೇ.

ಹ್ಯಾಶ್_ಹನುಮ

ನಿಧಾನವಾಗಿ ಜಾರಿದ್ದಲ್ಲ, ಒಮ್ಮೆಲೇ ಜಾರಿದ್ದು. ಮೇಡಂ, 36:50ರ ನಂತರದ ಹತ್ತು ಸಾಲೂ ಒಂದೇ ಅಳತೆಯಲ್ಲಿ ತಪ್ಪಿವೆಯಾ, ಅಥವಾ ತಪ್ಪು ಬೆಳೆಯುತ್ತಾ ಹೋಗುತ್ತಿದೆಯಾ? ಸಂಗೀತದ ಮಾತು ಮಾತ್ರ ಸರಿ, ಅದು ಅಡ್ಡ ಬರುತ್ತದೆ. 300ರಿಂದ 3000 ಹರ್ಟ್ಸ್ ಮಾತ್ರ ಉಳಿಸಿಕೊಂಡು ಎರಡರ ವೇವ್‌ಫಾರ್ಮ್ ಪಕ್ಕಪಕ್ಕ ಇಟ್ಟು ನೋಡಿ. ಮಾತು ನಿಂತ ಜಾಗಗಳು ಕಾಣಬಹುದು. ಸಂಗೀತ ಜೋರಾಗಿದ್ದರೆ ಅದೂ ಆಗುವುದಿಲ್ಲ.

ಸಾಲುಗಿತ್ತಿ

ಹತ್ತೂ ಒಂದೇ ಅಳತೆ, ಬೆಳೆಯುತ್ತಿಲ್ಲ. ಈ ಚಿತ್ರದಲ್ಲಿ ಹನ್ನೊಂದು ಸಂದರ್ಶನ ಇವೆ. ನಾಲ್ಕರಲ್ಲಿ ಸಂಗೀತ ಇಲ್ಲ, ಅವುಗಳ ವೇವ್‌ಫಾರ್ಮ್ ನೋಡಿ ಮುಗಿಸಿದೆ, ಇನ್ನೊಂದು ಕತ್ತರಿ ಸಿಕ್ಕಿತು. ಉಳಿದ ಏಳನ್ನು ಹೆಡ್‌ಫೋನ್ ಹಾಕಿ ಕೇಳುತ್ತಾ ಕೂತಿದ್ದೇನೆ. ಸಂಗೀತದ ಅಡಿಯಲ್ಲಿರುವ ಮಾತನ್ನು ಹೋಲಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ.