ದೊಡ್ಡಪ್ಪನ ಮೂತ್ರದ ಪೈಪ್ ಬಗ್ಗೆ

"ಅಕ್ಕಾ, ಅಪ್ಪನಿಗೆ ಸೊಂಟದ ಆಪರೇಷನ್ ಆಗಿ ನಾಲ್ಕು ದಿನ ಆಯ್ತು, ಪೈಪ್ ಇನ್ನೂ ತೆಗೆದಿಲ್ಲ. ಬ್ಯಾಗಲ್ಲಿ ಯೂರಿನ್ ಮಬ್ಬಾಗಿದೆ, ವಾಸನೆ ಬೇರೆ. ಇನ್ಫೆಕ್ಷನ್ ಆಗಿದ್ಯಾ? ಆ್ಯಂಟಿಬಯೋಟಿಕ್ ಕೊಡಿ ಅಂತ ಕೇಳಲಾ?"

ವಿಜಿ, ಡ್ಯೂಟಿ ಮುಗಿಸಿ ಈಗ ನೋಡಿದೆ. ಉದ್ದ ಆಗುತ್ತೆ, ಪೂರ್ತಿ ಓದು.

ಆ್ಯಂಟಿಬಯೋಟಿಕ್ ಕೇಳಬೇಡ. ಮಬ್ಬು, ವಾಸನೆ ಇಷ್ಟರಿಂದಲೇ ಇನ್ಫೆಕ್ಷನ್ ಅಂತ ಹೇಳೋಕಾಗಲ್ಲ, ನೀರು ಕಡಿಮೆ ಕುಡಿದರೂ ಹಾಗೇ ಕಾಣುತ್ತೆ. ಜ್ವರ, ನಡುಕ, ಕಿಬ್ಬೊಟ್ಟೆ ನೋವು, ಬೆನ್ನಿನ ಪಕ್ಕೆಯಲ್ಲಿ ನೋವು, ಇವು ಬಂದರೆ ತಕ್ಷಣ ಡಾಕ್ಟರಿಗೆ ಹೇಳು. ಇದ್ದಕ್ಕಿದ್ದಂತೆ ಗೊಂದಲವಾಗಿ ಮಾತಾಡಿದರೂ ಹೇಳು, ಆದರೆ ಅದಕ್ಕೆ ನೋವಿನ ಮಾತ್ರೆ, ನಿದ್ದೆ ಇಲ್ಲದಿರೋದು, ಬೇರೆ ಕಾರಣಗಳೂ ಇರಬಹುದು. ಯಾವ ಲಕ್ಷಣವೂ ಇಲ್ಲದೆ ಸುಮ್ನೆ ಮೂತ್ರವನ್ನು ಕಲ್ಚರ್‌ಗೆ, ಅಂದರೆ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರೆ ಏನೋ ಒಂದು ಬ್ಯಾಕ್ಟೀರಿಯಾ ಬೆಳೆಯಬಹುದು, ಆಮೇಲೆ ಬೇಡದ ಔಷಧಿ ಶುರು.

ಯಾಕೆ ಬೆಳೆಯುತ್ತೆ ಅಂದರೆ, ನೀರಿನ ತೊಟ್ಟಿಯ ಗೋಡೆಗೆ ಪಾಚಿ ಹಿಡಿಯುವ ಹಾಗೆ ಪೈಪಿನ ಒಳಗೂ ಹೊರಗೂ ಒಂದು ತೆಳು ಲೋಳೆ ಪದರ ಕಟ್ಟಿಕೊಳ್ಳುತ್ತೆ. ಬ್ಯಾಕ್ಟೀರಿಯಾ ಅದರೊಳಗೆ ಕೂತುಬಿಟ್ಟರೆ ಔಷಧಿ ಸರಿಯಾಗಿ ತಾಗಲ್ಲ. ಪೈಪ್ ಇರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಸುಮಾರು ಶೇಕಡಾ 3ರಿಂದ 7, ತಿಂಗಳಾದರೆ ಬಹುತೇಕ ಎಲ್ಲರಿಗೂ ಇರುತ್ತೆ. ಅದಕ್ಕೇ ನೀನು ಕೇಳಬೇಕಾದ ಪ್ರಶ್ನೆ ಬೇರೆ. ನಾಳೆ ರೌಂಡ್ಸಿಗೆ ಬಂದಾಗ "ಪೈಪ್ ಇವತ್ತೂ ಯಾಕೆ ಬೇಕು ಡಾಕ್ಟ್ರೇ?" ಅಂತ ಕೇಳು.

ಆಪರೇಷನ್ ಹೊತ್ತಿಗೆ ಹಾಕಿದ್ದು ಸರಿ. ಆದರೆ ಇಂಥ ಆಪರೇಷನ್ ಆದವರಿಗೆ ಬೇರೆ ಕಾರಣ ಇಲ್ಲದಿದ್ದರೆ ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಮೂತ್ರ ಕಟ್ಟಿಕೊಂಡಿದ್ದರೆ, ಐಸಿಯುನಲ್ಲಿ ಗಂಟೆಗಂಟೆಗೂ ಅಳೆಯಬೇಕಿದ್ದರೆ, ಹಿಂಭಾಗದಲ್ಲಿ ಹುಣ್ಣಾಗಿ ಅಲ್ಲಿಗೆ ಮೂತ್ರ ತಾಗುತ್ತಿದ್ದರೆ ಇಟ್ಟುಕೊಳ್ಳಬೇಕು, ಒಪ್ಪೋಣ. ದೊಡ್ಡಪ್ಪ ಆಗಲೇ ವಾಕರ್ ಹಿಡಿದು ನಿಲ್ಲುತ್ತಿದ್ದಾರೆ ಅಂತ ನೀನೇ ಬರೆದಿದ್ದೀಯ. ಮತ್ತೆ ಮತ್ತೆ ಎಬ್ಬಿಸಬೇಕಲ್ಲ, ಹಾಸಿಗೆ ಒದ್ದೆಯಾಗುತ್ತಲ್ಲ ಅನ್ನೋದು ಕಾರಣವೇ ಅಲ್ಲ. ನಿಜ ಹೇಳಬೇಕೆಂದರೆ ವಾರ್ಡಿನ ಗಡಿಬಿಡಿಯಲ್ಲಿ ಪೈಪ್ ಇರೋದೇ ಮರೆತುಹೋಗುತ್ತೆ, ಹೊದಿಕೆ ಕೆಳಗೆ ಯಾರಿಗೂ ಕಾಣಲ್ಲ ನೋಡು.

ತೆಗೆಯುವವರೆಗೆ ನೀನು ನೋಡಿಕೊಳ್ಳಬೇಕಾದ್ದು ಬ್ಯಾಗ್. ಅದು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ಮಂಚದ ಚೌಕಟ್ಟಿಗೆ ತೂಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಎಕ್ಸ್‌ರೇಗೆ ಕರೆದೊಯ್ಯುವಾಗ ವಾರ್ಡ್ ಬಾಯ್ ಬ್ಯಾಗನ್ನು ಹೊಟ್ಟೆ ಮೇಲಿಟ್ಟು ಸ್ಟ್ರೆಚರ್ ತಳ್ಳಿಬಿಡ್ತಾನೆ, ಅದನ್ನಂತೂ ಬಿಡಬೇಡ, ಬ್ಯಾಗಲ್ಲಿದ್ದ ಮೂತ್ರ ವಾಪಸ್ ಒಳಗೆ ಹೋಗುತ್ತೆ. ಹೊರಡುವ ಮುಂಚೆ ಖಾಲಿ ಮಾಡಿಸು. ಖಾಲಿ ಮಾಡುವಾಗ ಕೆಳಗಿನ ನಳಿಕೆ ಜಗ್‌ಗೆ ತಾಗಬಾರದು, ಪಕ್ಕದ ಬೆಡ್ಡಿನವರ ಜಗ್ ಬಳಸಬಾರದು, ಮುಂಚೆ ಆಮೇಲೆ ಎರಡು ಸಲವೂ ಕೈ ತೊಳೆಯಬೇಕು. ಪೈಪನ್ನೂ ಬ್ಯಾಗನ್ನೂ ಸೇರಿಸುವ ಜಾಗವನ್ನು ಯಾರೂ ಬಿಚ್ಚಬಾರದು. ಪೈಪಿನ ಸುತ್ತ ತೊಳೆಯೋಕೆ ಸ್ನಾನದ ಹೊತ್ತಿಗೆ ಸೋಪು ನೀರು ಸಾಕು, ಡೆಟಾಲ್ ಬೇಡ.

ಇನ್ನು ತೆಗೆಯೋದು. ಅದಕ್ಕೂ ಮುಂಚೆ ಪೈಪಿಗೆ ಕ್ಲಾಂಪ್ ಹಾಕಿ ಮೂತ್ರ ತಡೆದು, ಮತ್ತೆ ಬಿಚ್ಚಿ ಮೂತ್ರಕೋಶಕ್ಕೆ "ಅಭ್ಯಾಸ" ಮಾಡಿಸೋದು ಹಳೇ ರೂಢಿ. ನಾಲ್ಕೈದು ದಿನ ಇದ್ದ ಪೈಪಿಗೆ ಅದರಿಂದ ಲಾಭ ಕಂಡಿಲ್ಲ, ಸುಮ್ನೆ ಒಂದು ದಿನ ಜಾಸ್ತಿ ಆಗುತ್ತೆ. ಒಳಗೆ ಪೈಪನ್ನು ಹಿಡಿದಿಟ್ಟಿರುವ ಬಲೂನಿನ ನೀರನ್ನು ಸಿಸ್ಟರ್ ಸಿರಿಂಜಿನಲ್ಲಿ ಎಳೆದು ಪೈಪ್ ಹೊರಗೆ ತೆಗೆಯುತ್ತಾರೆ, ಒಂದು ನಿಮಿಷದ ಕೆಲಸ. ಬೆಳಗ್ಗೆ ಬೇಗ ತೆಗೆಸಿ, ಏನಾದರೂ ತೊಂದರೆಯಾದರೆ ಹಗಲು ಹೊತ್ತಲ್ಲೇ ಗೊತ್ತಾಗಲಿ.

ದೊಡ್ಡಪ್ಪನಿಗೆ ಪ್ರಾಸ್ಟೇಟ್ ತೊಂದರೆ ಇದೆ, ಅದನ್ನು ಡಾಕ್ಟರಿಗೆ ಮೊದಲೇ ಹೇಳು. ಮೂತ್ರದ ದಾರಿ ಸಡಿಲಿಸುವ ಟಾಮ್ಸುಲೋಸಿನ್ ಮಾತ್ರೆ ಶುರು ಮಾಡಿ ಪೈಪ್ ತೆಗೆಯಬಹುದು. ಅದು ತಗೊಂಡರೆ ಎದ್ದಾಗ ತಲೆ ಸುತ್ತಬಹುದು, ಒಬ್ಬರನ್ನೇ ಬಾತ್‌ರೂಮಿಗೆ ಬಿಡಬೇಡ. ಮೋಷನ್ ಆಗಿದೆಯಾ ನೋಡು, ಮಲಬದ್ಧತೆ ಇದ್ದರೂ ಮೂತ್ರ ಕಟ್ಟುತ್ತೆ, ನೋವಿಗೆ ಟ್ರಮಡಾಲ್ ಥರದ್ದು ಕೊಡುತ್ತಿದ್ದರೆ ಇನ್ನೂ ಜಾಸ್ತಿ.

ತೆಗೆದ ಮೇಲೆ ನೀರು ಎಂದಿನಂತೆ ಕುಡಿಯಲಿ, ಒಮ್ಮೆಲೇ ಎರಡು ಲೀಟರ್ ಕುಡಿಸಬೇಡ. ಸಾಧ್ಯವಾದರೆ ನಿಂತು ಹೋಗಲಿ, ಮಲಗಿಕೊಂಡು ಗಂಡಸರಿಗೆ ಕಷ್ಟ. ಮೊದಲೆರಡು ಸಲ ಸ್ವಲ್ಪ ಉರಿ ಸಹಜ. ಪ್ರತಿ ಸಲ ಎಷ್ಟು ಹೋಯ್ತು ಅಂತ ಬರೆದಿಡು. ನಾಲ್ಕರಿಂದ ಆರು ಗಂಟೆಯಾದರೂ ಹೋಗದಿದ್ದರೆ, ಅಥವಾ ಹನಿ ಹನಿ ಹೋಗಿ ಕಿಬ್ಬೊಟ್ಟೆ ಗಟ್ಟಿಯಾದರೆ, ಸ್ಕ್ಯಾನ್ ಮಾಡಿ ಒಳಗೆ ಎಷ್ಟು ಉಳಿದಿದೆ ನೋಡಿ ಅಂತ ಹೇಳು. ಜಾಸ್ತಿ ಉಳಿದಿದ್ದರೂ ಮತ್ತೆ ಪೈಪ್ ಬಿಟ್ಟೇ ಬಿಡಬೇಕು ಅಂತಿಲ್ಲ, ಒಮ್ಮೆ ಹಾಕಿ ಖಾಲಿ ಮಾಡಿ ಆಗಲೇ ತೆಗೆದುಬಿಡಬಹುದು. ಅದು ಆಗುತ್ತಾ ಅಂತ ಮೊದಲು ಕೇಳು.