ಸಹಾಯ ಬೇಕು: ಮುಂದಿನ ಪದದ ಒತ್ತಕ್ಷರಕ್ಕೆ ಹಿಂದಿನ ಅಕ್ಷರ ಗುರು ಆಗುತ್ತಾ?

ಒಂದು ಭಾವಗೀತೆ ಬರೆಯುತ್ತಿದ್ದೇನೆ. ಪ್ರತಿ ಸಾಲಿಗೂ ಐದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ, ಒಟ್ಟು 18. ಪಲ್ಲವಿಯ ಸಾಲು ಸರಿಯಾಗಿ ಕೂತಿದೆ:

ಮಳೆಯ ಹನಿ | ಬಿದ್ದಾಗ | ಮಣ್ಣು ನಗು | ತಿತ್ತು

'ಬಿದ್ದಾಗ'ದಲ್ಲಿ 'ಬಿ' ಒತ್ತಿನ ಹಿಂದಿದೆ, ಹಾಗಾಗಿ ಎರಡು. 'ದ್ದಾ' ದೀರ್ಘ, ಎರಡು. 'ಗ' ಒಂದು. ಐದಾಯ್ತು. ಇಲ್ಲಿ ಗೊಂದಲವಿಲ್ಲ.

ಸಿಕ್ಕಿಕೊಂಡಿರುವುದು ಚರಣದ ಸಾಲಿನಲ್ಲಿ:

ನಿನ್ನ ಪ್ರೀ | ತಿಯ ನೆನಪು | ಮತ್ತೆ ಮನ | ತಾಕಿ

ಪದ ಗಣದ ಗೆರೆ ದಾಟುವುದು ತೊಂದರೆಯಲ್ಲ, ಅದು ಗೊತ್ತು. ಸಮಸ್ಯೆ 'ನಿನ್ನ'ದ ಕೊನೆಯ 'ನ್ನ'. ಅದನ್ನು ಲಘು ಅಂದರೆ ಮೊದಲ ಗಣ ಐದು, ಸಾಲು 18. ಆದರೆ ಅದರ ಮುಂದೆ 'ಪ್ರೀ' ಇದೆಯಲ್ಲ! ಒತ್ತಕ್ಷರದ ಹಿಂದಿನದು ಗುರು ಅನ್ನೋ ಶಾಲೆಯ ಸೂತ್ರ ಹಿಡಿದರೆ ಗಣ ಆರು, ಸಾಲು 19.

ತಾಳ ಹಾಕಿ ಹಾಡಿ ನೋಡಿದೆ. 'ನಿನ್ನ' ಅಂತ ಬಿಡಿಸಿ ಹೇಳಿದರೆ ತಾಳಕ್ಕೆ ಸರಿಯಾಗಿ ಬರುತ್ತದೆ. 'ನಿನ್ನಪ್-ರೀ' ಅಂತ ಕೂಡಿಸಿ ಒತ್ತಿದರೆ ತಾಳ ಹಿಂದೆ ಬೀಳುತ್ತದೆ. ಕಿವಿ ಲಘು ಅನ್ನುತ್ತದೆ, ಸೂತ್ರ ಗುರು ಅನ್ನುತ್ತದೆ. 'ನಿನ್ನ ಒಲವಿನ' ಅಂತ ಬದಲಿಸಿದರೆ ಲೆಕ್ಕ ತಂಟೆಯಿಲ್ಲದೆ ಕೂರುತ್ತದೆ. ಆದರೆ ಸುಮ್ನೆ ಲೆಕ್ಕಕ್ಕೋಸ್ಕರ ಪದ ಬಿಡೋಕೆ ಮನಸ್ಸಿಲ್ಲ.

ಛಂದಸ್ಸು ಬಲ್ಲವರು ಹೇಳಿ: ಎರಡು ಬೇರೆ ಪದಗಳ ನಡುವೆ ಹೀಗೆ ಬಂದಾಗ 'ನ್ನ'ವನ್ನು ಲಘು ಅಂತ ಎಣಿಸಬಹುದಾ? 'ನವಪ್ರೀತಿ'ಯಂಥ ಸಮಾಸದಲ್ಲಿ 'ವ'ಕ್ಕೂ ಅದೇ ಲೆಕ್ಕವಾ, ಇಲ್ಲ ಅಲ್ಲಿ ಗುರುವೇ ಆಗಬೇಕಾ?