ಪದಚರ್ಚೆ: ಕಣ್ಣೊಳಗಿನ ‘ಕ್ಯಾಚ್‌ಲೈಟ್’ಗೆ ಏನೆನ್ನೋಣ?

ತುಮಕೂರಿನಿಂದ

ಬಳಗದವರಿಗೆ ನಮಸ್ಕಾರ. ನಮ್ಮ ಸ್ಟುಡಿಯೋಗೆ ಹೊಸದಾಗಿ ಸೇರಿದ ಇಬ್ಬರು ಹುಡುಗರಿಗಾಗಿ ಫೋಟೊ ತಿದ್ದುವ ಕೆಲಸದ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಭಾವಚಿತ್ರದಲ್ಲಿ ಕಣ್ಣಿನ ಕಪ್ಪಿನ ಮೇಲೆ ಕಾಣುವ ಆ ಚಿಕ್ಕ ಬಿಳಿ ಹೊಳಪಿಗೆ ಒಂದು ಪದ ಬೇಕಾಗಿದೆ. ‘ಹೊಳಪು’ ಎಂದಷ್ಟೇ ಬರೆದರೆ ಹುಡುಗರು ಇಡೀ ಕಣ್ಣನ್ನು ಬೆಳ್ಳಗೆ ಮಾಡುತ್ತಾರೆ. ‘ಬಿಳಿ ಚುಕ್ಕೆ’ ಎಂದು ಬರೆದುದರ ಫಲವನ್ನು ನಿನ್ನೆಯೇ ನೋಡಿದೆ. ಹಳ್ಳಿಯ ಮನೆಯೊಂದರ ಜಗಲಿಯಲ್ಲಿ ಕುಳಿತ ಅಜ್ಜನ ಫೋಟೊ ಅದು. ದಪ್ಪ ಹುಬ್ಬು, ಕಣ್ಣು ಮಂಕು. ಹುಡುಗ ಎರಡು ಪಾಪೆಗಳ ನಟ್ಟನಡುವೆ ಅಚ್ಚ ಬಿಳಿಯ ದುಂಡು ಚುಕ್ಕೆಗಳನ್ನು ಇಟ್ಟಿದ್ದ. ಅಜ್ಜ ಜಾತ್ರೆಯ ಗೊಂಬೆಯಂತೆ ಕಾಣುತ್ತಿದ್ದರು. ಪದ ಸರಿಯಾಗಿದ್ದರೆ ಅರ್ಧ ಕೆಲಸ ಸರಿಹೋದೀತು ಎಂಬ ಆಸೆ ನನ್ನದು.

ಮೈಸೂರಿನಿಂದ

‘ಕಣ್ಮಿಂಚು’ ಎನ್ನಬಹುದಲ್ಲ? ಅಥವಾ ‘ದೃಷ್ಟಿಬೊಟ್ಟು’. ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಸುವ ಸಂಪ್ರದಾಯ ನಮ್ಮಲ್ಲಿ ಇದ್ದೇ ಇದೆ, ಅದೂ ಜೀವ ಬರಿಸುವ ಕೆಲಸವೇ. ಅಂದಹಾಗೆ, ಚುಕ್ಕೆಯನ್ನು ನಡುವೆ ಇಡಬಾರದು. ಎಡಗಣ್ಣಿನಲ್ಲಿ ಗಡಿಯಾರದ 10 ಗಂಟೆಯ ಜಾಗ, ಬಲಗಣ್ಣಿನಲ್ಲಿ 2 ಗಂಟೆಯ ಜಾಗ. ಹಾಗಿಟ್ಟರೆ ಮುಖ ಸಮತೂಕದಲ್ಲಿರುತ್ತದೆ.

ದಾವಣಗೆರೆಯಿಂದ

ನಮ್ಮ ಮನೆಯಲ್ಲೂ ಇದೇ ಸಮಸ್ಯೆ. ಮೊಮ್ಮಗಳಿಗೆ ಒಂದೂವರೆ ವರ್ಷ. ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದ ಫೋಟೊಗಳಲ್ಲಿ ಒಂದು ಕಣ್ಣು ಕೆಂಪಗೆ ಬರುತ್ತದೆ, ಇನ್ನೊಂದರ ಪಾಪೆ ಪೂರ್ತಿ ಬೆಳ್ಳಗೆ ಹೊಳೆಯುತ್ತದೆ. ಇದನ್ನೇ ಕ್ಯಾಚ್‌ಲೈಟ್ ಎನ್ನುವುದೇ? ತೆಗೆದುಹಾಕುವುದು ಹೇಗೆ?

ಹಾಸನದಿಂದ

ಮೊದಲು ದಾವಣಗೆರೆಯವರಿಗೆ. ನೀವು ಹೇಳುತ್ತಿರುವುದು ಬೇರೆಯೇ ಸಂಗತಿ. ಕ್ಯಾಚ್‌ಲೈಟ್ ಎಂಬುದು ಕಣ್ಣಿನ ಹೊರಮೈಯಲ್ಲಿ, ಅಂದರೆ ಕನ್ನಡಿಯಂತಿರುವ ಕಾರ್ನಿಯಾದ ಮೇಲೆ ಬೀಳುವ ದೀಪದ್ದೋ ಕಿಟಕಿಯದ್ದೋ ಪ್ರತಿಬಿಂಬ. ಫ್ಲ್ಯಾಶಿನ ಕೆಂಪು ಕಣ್ಣಿನ ಹಿಂಭಾಗದಿಂದ, ರಕ್ತನಾಳಗಳಿರುವ ಪದರದಿಂದ ಮರಳಿ ಬರುವ ಬೆಳಕು. ಒಂದೇ ಕಣ್ಣಿನ ಪಾಪೆ ಪೂರ್ತಿ ಬೆಳ್ಳಗಾಗುವುದು ಕೆಲವೊಮ್ಮೆ ಕ್ಯಾಮೆರಾದ ಕೋನದಿಂದಲೂ ಆಗುತ್ತದೆ, ಒಳಗಿನ ರೋಗದಿಂದಲೂ ಆಗುತ್ತದೆ. ಫೋಟೊ ತಿದ್ದಬೇಡಿ. ಅದನ್ನು ಹಾಗೆಯೇ ಇಟ್ಟುಕೊಂಡು, ಈ ವಾರವೇ ಮಗುವನ್ನು ಕಣ್ಣಿನ ವೈದ್ಯರಿಗೆ ತೋರಿಸಿ.

ಇನ್ನು ಪದಕ್ಕೆ ಬರುತ್ತೇನೆ. ನಾನು ಕಪ್ಪು-ಬಿಳುಪಿನ ಕಾಲದಲ್ಲಿ ಈ ಕೆಲಸ ಕಲಿತವನು. ನೆಗೆಟಿವ್ ಮೇಲೆ ಮೊನಚು ಪೆನ್ಸಿಲಿನಿಂದ ಒಂದು ತಾಗು ತಾಗಿಸಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗೆ ಬರುತ್ತಿತ್ತು. ಪ್ರಿಂಟ್ ಆದ ಮೇಲೆ ನೆನಪಾದರೆ ಬ್ಲೇಡಿನ ತುದಿಯಿಂದ ಕಪ್ಪನ್ನು ಕೆರೆದು ಕೆಳಗಿನ ಬಿಳಿ ಕಾಗದ ಕಾಣಿಸುತ್ತಿದ್ದೆವು. ‘ಬೆಳಕು ಇಡು’ ಎನ್ನುತ್ತಿದ್ದರು ನನಗೆ ಕಲಿಸಿದವರು. ಚುಕ್ಕೆ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ.

ಮೈಸೂರಿನವರು ನಡುವೆ ಇಡಬಾರದು ಎಂದದ್ದು ಸರಿ. ಆದರೆ 10 ಒಂದರಲ್ಲಿ, 2 ಇನ್ನೊಂದರಲ್ಲಿ ಎಂದರೆ ಅಜ್ಜನ ಎದುರು ಎರಡು ಸೂರ್ಯರು ಬೇಕು. ಬೆಳಕು ಒಂದೇ ಕಡೆಯಿಂದ ಬಂದಿದ್ದರೆ ಎರಡೂ ಕಣ್ಣುಗಳಲ್ಲಿ ಹೆಚ್ಚುಕಡಿಮೆ ಒಂದೇ ಗಂಟೆಯ ಜಾಗ. ಯಾವ ಗಂಟೆ ಎಂಬುದನ್ನು ಮೂಗಿನ ನೆರಳನ್ನು ಕೇಳಬೇಕು. ತುಮಕೂರಿನವರೇ, ನಿಮ್ಮ ಚಿತ್ರದಲ್ಲಿ ಅದು ಯಾವ ಕಡೆ ಬಿದ್ದಿದೆ?

ತುಮಕೂರಿನಿಂದ

ಚಿತ್ರದ ಬಲಕ್ಕೆ, ತುಸು ಕೆಳಗೆ. ಎಡಗಡೆ ತೆರೆದ ಅಂಗಳವಿದೆ. ಕಣ್ಣಿನ ಬಣ್ಣದ ವೃತ್ತ ಸುಮಾರು 90 ಪಿಕ್ಸೆಲ್ ಅಗಲ. ಕೆಲಸ ಮಾಡುವುದು GIMP ತಂತ್ರಾಂಶದಲ್ಲಿ.

ಹಾಸನದಿಂದ

ಹಾಗಾದರೆ ಎರಡರಲ್ಲೂ 10 ಗಂಟೆಯ ಕಡೆ. ಬೇರೆ ಲೇಯರಿನಲ್ಲಿ ಬರೆಯಿರಿ, ಆಮೇಲೆ ತಗ್ಗಿಸಲು ಅನುಕೂಲ. ಅಗಲ 15 ಪಿಕ್ಸೆಲ್ಲಿನ ಆಸುಪಾಸು ಸಾಕು. ಪಾಪೆಯ ಅಂಚಿನ ಮೇಲೆ ಅರ್ಧ ಒಳಗೆ, ಅರ್ಧ ಹೊರಗೆ ಕೂರಲಿ. ದುಂಡು ಬೇಡ. ಅಜ್ಜನ ಎದುರಿಗಿದ್ದದ್ದು ಬಲ್ಬ್ ಅಲ್ಲ, ಸೂರಿನ ಕೆಳಗಿಂದ ಕಾಣುವ ಆಕಾಶದ ಪಟ್ಟಿ. ಆದ್ದರಿಂದ ಅಡ್ಡಗಲದ ಆಕಾರ ಬರಲಿ, ಮೇಲಂಚು ಸೂರಿನ ಗೆರೆಯಂತೆ ಇರಲಿ, ಆದರೆ ಕಣ್ಣಿನ ಉಬ್ಬಿಗೆ ತಕ್ಕಂತೆ ಚೂರು ಬಾಗಿರಲಿ. ಮೇಲಿನ ರೆಪ್ಪೆ ಅದನ್ನು ಕತ್ತರಿಸುವಂತಿದ್ದರೆ ಕತ್ತರಿಸಲು ಬಿಡಿ. ರೆಪ್ಪೆಯ ಮೇಲೆ ಹತ್ತಿದ ಬಿಳಿ ಕಂಡರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಬಣ್ಣ ಅಚ್ಚ ಬಿಳಿಯಲ್ಲ, ಆಕಾಶದ ನೀಲಿ ಸೋಕಿದ ಬಿಳಿ. `Gaussian Blur` ಒಂದು ಪಿಕ್ಸೆಲ್ಲಿನಷ್ಟು ಕೊಟ್ಟು ಅಂಚನ್ನು ಸುತ್ತಲಿನ ಚಿತ್ರದ ಮೊನಚಿಗೆ ಹೊಂದಿಸಿ. ಲೇಯರಿನ `Opacity` 70ಕ್ಕೆ ಇಳಿಸಿ ನೋಡಿ. ಇಷ್ಟಾದ ಮೇಲೂ ಕಣ್ಣು ಅಂಟಿಸಿದಂತೆ ಕಂಡರೆ ಎದುರು ಬದಿಯನ್ನು ಗಮನಿಸಿ. ಕಾರ್ನಿಯಾದ ಮೂಲಕ ಒಳಹೊಕ್ಕ ಬೆಳಕು ವೃತ್ತದ ಆಚೆ ಬದಿಯಲ್ಲಿ, ಇಲ್ಲಿ 4 ಗಂಟೆಯ ಕಡೆ, ಬಣ್ಣವನ್ನು ತುಸು ತಿಳಿಯಾಗಿಸುತ್ತದೆ. ಮೂಲ ಚಿತ್ರದ ನಕಲು ಲೇಯರಿನ ಮೇಲೆ `Dodge / Burn` ಉಪಕರಣವನ್ನು `Dodge`ಗೆ, ಅದರ `Exposure` ಅನ್ನು 10ರಷ್ಟಕ್ಕೆ ಇಟ್ಟುಕೊಂಡು ಅಲ್ಲಿ ಎರಡು ಬಾರಿ ಸವರಿ. ಕಣ್ಣಿಗೆ ಆಳ ಕೊಡುವುದು ಮೇಲಿನ ಹೊಳಪಿಗಿಂತ ಹೆಚ್ಚಾಗಿ ಇದೇ.

ಒಂದು ಮಿತಿಯನ್ನೂ ಹೇಳಬೇಕು. ಹುಬ್ಬಿನ ನೆರಳು ಇಡೀ ಕಣ್ಣುಗುಳಿಯನ್ನು ಕಪ್ಪಾಗಿಸಿದ್ದರೆ ಅಲ್ಲಿಗೆ ಆಕಾಶವೇ ತಲುಪಿಲ್ಲವೆಂದು ಅರ್ಥ. ಮೊದಲು ಗುಳಿಯನ್ನು ತುಸು ಬೆಳಗಿಸದೆ ಹೊಳಪು ಇಟ್ಟರೆ ಬೆಕ್ಕು ಕತ್ತಲಲ್ಲಿ ಕಣ್ಣು ಬಿಟ್ಟಂತಾಗುತ್ತದೆ.

ಮೈಸೂರಿನಿಂದ

ಎರಡು ಸೂರ್ಯರ ಮಾತನ್ನು ಒಪ್ಪಿದೆ. ಆದರೂ ‘ದೃಷ್ಟಿಬೊಟ್ಟು’ ಚೆಂದದ ಪದ.

ಧಾರವಾಡದಿಂದ

ಚೆಂದವೇನೋ ಹೌದು, ಆದರೆ ಅದು ಮಗುವಿನ ಕೆನ್ನೆಗೆ ಇಡುವ ಕಾಡಿಗೆಯ ಕಪ್ಪು. ಸ್ಟುಡಿಯೋದ ಹುಡುಗ ನಿಜವಾಗಿಯೂ ಕೆನ್ನೆಗೆ ಇಟ್ಟುಬಿಟ್ಟಾನು.

‘ಪಾಪೆ’ಯನ್ನೇ ನೋಡಿ. ಪಾಪೆ ಎಂದರೆ ಗೊಂಬೆ. ಎದುರಿನವರ ಕಣ್ಣನ್ನು ಹತ್ತಿರದಿಂದ ನೋಡಿದಾಗ ಆ ಕಪ್ಪಿನಲ್ಲಿ ನಮ್ಮದೇ ಗೊಂಬೆಯಷ್ಟು ರೂಪ ಕಾಣುತ್ತದಲ್ಲ, ಹೆಸರು ಬಂದದ್ದು ಅದರಿಂದ ಎಂದು ನನ್ನ ಎಣಿಕೆ. ಲ್ಯಾಟಿನ್ನಿನ ‘ಪ್ಯುಪಿಲ್ಲ’ಕ್ಕೂ ಪುಟ್ಟ ಹುಡುಗಿ, ಗೊಂಬೆ ಎಂಬ ಅರ್ಥಗಳಿವೆ. ಹಾಸನದವರು ವಿವರಿಸಿದ್ದೂ ಎದುರಿಗಿರುವುದರ ಪ್ರತಿಬಿಂಬವನ್ನೇ. ಹಾಗಾಗಿ ಬಿಂಬ ಎಂಬುದು ಪದದೊಳಗೆ ಇರಬೇಕು. ‘ಬೆಳಕುಬಿಂಬ’ ಹೇಗೆ? ಬಿಂಬ ಎಂದ ಕೂಡಲೇ ಯಾವುದರ ಬಿಂಬ, ಯಾವ ದಿಕ್ಕಿನದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮಿಂಚು, ಮಿನುಗು ಎಂದರೆ ಏಳುವುದಿಲ್ಲ.

ಹಾಸನದಿಂದ

ಬಿಂಬ ಸರಿ, ಆದರೆ ಕ್ರಿಯಾಪದ? ಬಿಂಬವನ್ನು ‘ಇಡು’ ಎಂದರೆ ನನ್ನ ಕಿವಿಗೆ ಒಗ್ಗುವುದಿಲ್ಲ. ಬಿಂಬ ಮೂಡುತ್ತದೆ. ಬೆಳಕಾದರೆ ಇಡಬಹುದು.

ತುಮಕೂರಿನಿಂದ

ಟಿಪ್ಪಣಿಯಲ್ಲಿ ಸದ್ಯಕ್ಕೆ ‘ಕಣ್ಣಿನ ಬೆಳಕುಬಿಂಬ’ ಎಂದು ಬರೆದು, ಮುಂದೆ ‘ಮೂಡಿಸು’ ಎಂದು ಸೇರಿಸಿದ್ದೇನೆ. ಹುಡುಗ ಇಂದು ಮತ್ತೆ ಕುಳಿತ. ಪದ ಓದಿ ಮೊದಲು ಕೇಳಿದ್ದು, “ಅಂಗಳದ ಬಿಂಬವೋ, ಬಾಗಿಲಿನದೋ?” ಎಂದು. ಧಾರವಾಡದವರ ಲೆಕ್ಕ ಸರಿಯಾಯಿತು. ಮೊದಲ ಬಾರಿ ಎರಡೂ ಕಣ್ಣುಗಳಿಗೆ ಒಂದನ್ನೇ ನಕಲು ಮಾಡಿ ಅಂಟಿಸಿದ್ದ. ಅಜ್ಜನ ಮುಖ ತುಸು ತಿರುಗಿದ್ದರಿಂದ ಆಚೆಯ ಕಣ್ಣಿನದನ್ನು ಬೇರೆಯಾಗಿ, ಚೂರು ಕಿರಿದಾಗಿ ಬರೆಸಿದೆ. 4 ಗಂಟೆಯ ತಿಳಿಬಣ್ಣವನ್ನು ತೆಗೆದು, ಹಾಕಿ ತೋರಿಸಿದಾಗ ಪಕ್ಕದ ಟೇಬಲಿನವರೂ ಎದ್ದು ಬಂದರು. ಆದರೆ ಇಬ್ಬರು ಹುಡುಗರೂ ಬಾಯಲ್ಲಿ ಮಾತ್ರ ‘ಕ್ಯಾಚ್‌ಲೈಟ್’ ಎಂದೇ ಅನ್ನುತ್ತಿದ್ದಾರೆ.

ದಾವಣಗೆರೆಯಿಂದ

ಗುರುವಾರಕ್ಕೆ ವೈದ್ಯರ ಸಮಯ ಸಿಕ್ಕಿದೆ. ಫೋಟೊವನ್ನು ತಿದ್ದದೆ ಹಾಗೆಯೇ ಒಯ್ಯುತ್ತಿದ್ದೇನೆ.